‘ನನ್ನನ್ನೂ ತೆಗೆಯಿರಿ’ ಎಂಬ ಮೇಲ್ ಬಿರುಗಾಳಿ

1997ರ ಅಕ್ಟೋಬರ್ 14. ಮೈಕ್ರೋಸಾಫ್ಟ್ ಕಂಪನಿಯ ಉದ್ಯೋಗಿಯೊಬ್ಬರು ತಮ್ಮ ಹೆಸರು ‘ಬೆಡ್‌ಲಾಮ್ ಡಿಎಲ್3’ ಎಂಬ ಮೇಲ್ ಪಟ್ಟಿಯಲ್ಲಿರುವುದನ್ನು ಕಂಡರು. ಅದು ಏನಕ್ಕೆ ಎಂದು ಗೊತ್ತಾಗಲಿಲ್ಲ. ನಾನು ಈ ಪಟ್ಟಿಯಲ್ಲಿ ಏಕಿದ್ದೇನೆ, ದಯವಿಟ್ಟು ತೆಗೆದುಹಾಕಿ ಎಂದು ಆ ಪಟ್ಟಿಗೇ ಬರೆದರು. ಪಟ್ಟಿಯಲ್ಲಿದ್ದವರು ಸುಮಾರು 13,000 ಮಂದಿ. ಅಷ್ಟೂ ಜನಕ್ಕೆ ಆ ಕೋರಿಕೆ ತಲುಪಿತು. ‘ನನ್ನನ್ನೂ’ ಎಂದು ಒಬ್ಬರು ಎಲ್ಲರಿಗೂ ಉತ್ತರಿಸಿದರು, ಇನ್ನೊಬ್ಬರು ಅದನ್ನೇ ಮಾಡಿದರು. ಅವರ ಹಿಂದೆಯೇ ‘ಎಲ್ಲರಿಗೂ ಉತ್ತರಿಸುವುದನ್ನು ನಿಲ್ಲಿಸಿ’ ಎಂದು ಬೇಡಿಕೊಂಡವರು ಬಂದರು. ಆ ಬೇಡಿಕೆಯೂ ಎಲ್ಲರಿಗೂ ಹೋಯಿತು.

ಸುಮಾರು ಒಂದು ಗಂಟೆಯಲ್ಲಿ ಒಂದೂವರೆ ಕೋಟಿ ಮೇಲ್‌ಗಳು ಓಡಾಡಿದವು ಎಂದು ಕಂಪನಿಯ ಎಂಜಿನಿಯರ್‌ಗಳು ಆಮೇಲೆ ಅಂದಾಜು ಮಾಡಿದರು. ಒಟ್ಟು ಗಾತ್ರ 195 ಗಿಗಾಬೈಟ್. ಆ ಕಾಲದ ಸರ್ವರ್‌ಗಳಿಗೆ ಅದು ಹೊರಲಾರದ ಹೊರೆ. ಮೇಲ್ ವ್ಯವಸ್ಥೆ ಕುಸಿದುಬಿತ್ತು.

ಒಂದೂವರೆ ಕೋಟಿಯನ್ನು 13,000ದಿಂದ ಭಾಗಿಸಿದರೆ ಉಳಿಯುವುದು ಸಾವಿರ ಚಿಲ್ಲರೆ. ಅಂದರೆ ಪಟ್ಟಿಯಲ್ಲಿದ್ದ ಹತ್ತರಲ್ಲಿ ಒಂಬತ್ತು ಜನ ಏನೂ ಬರೆಯದೆ ಸುಮ್ಮನಿದ್ದರು. ಜನಕ್ಕೆ ತಿಳಿವಳಿಕೆ ಇಲ್ಲ ಎಂದು ದೂರಿ ಮುಗಿಸುವಂತಿಲ್ಲ. ಇಷ್ಟೊಂದು ಮಂದಿ ವಿವೇಕದಿಂದ ನಡೆದುಕೊಂಡರೂ ಬಿರುಗಾಳಿ ಎದ್ದದ್ದು ಗುಂಪಿನ ಗಾತ್ರದಿಂದ.

ಲೆಕ್ಕ ಸರಳವಾಗಿದೆ. ಒಂದು ಮೇಲ್ ಓದಿದ ಹತ್ತು ಸಾವಿರ ಜನರಲ್ಲಿ ಒಬ್ಬರು ಮಾತ್ರ ಎಲ್ಲರಿಗೂ ಉತ್ತರಿಸುತ್ತಾರೆ ಎಂದುಕೊಳ್ಳೋಣ. ಐವತ್ತು ಜನರ ಕಚೇರಿಯಲ್ಲಿ ಇದು ಲೆಕ್ಕಕ್ಕೇ ಬಾರದ ಸಾಧ್ಯತೆ. 13,000 ಜನರ ಪಟ್ಟಿಯಲ್ಲಾದರೆ ಪ್ರತಿ ಮೇಲ್ ಸರಾಸರಿ 1.3 ಹೊಸ ಮೇಲ್‌ಗಳನ್ನು ಹುಟ್ಟಿಸುತ್ತದೆ. ಹತ್ತು ಹದಿಮೂರಾಗುತ್ತದೆ, ಹದಿಮೂರು ಹದಿನೇಳಾಗುತ್ತದೆ, ಬೆಳೆಯುತ್ತಲೇ ಹೋಗುತ್ತದೆ. ಸಾಂಕ್ರಾಮಿಕ ರೋಗ ಹರಡುವ ಲೆಕ್ಕವೂ ಇದೇ: ಒಂದಕ್ಕಿಂತ ಹೆಚ್ಚಾದರೆ ಹಬ್ಬುತ್ತದೆ, ಕಡಿಮೆಯಾದರೆ ತಾನಾಗಿ ಅಡಗುತ್ತದೆ.

ಇದರ ಜೊತೆಗೆ ತಡವೂ ಸೇರಿಕೊಳ್ಳುತ್ತದೆ. ಊಟ ಮುಗಿಸಿ ಬಂದವರು ಮೊದಲ ಮೇಲ್ ತೆರೆದು ಉತ್ತರಿಸಿಬಿಡುತ್ತಾರೆ. ಕೆಳಗೆ ಇನ್ನೂರು ಜನ ಅದನ್ನೇ ಬರೆದಿರುವುದು ಅವರ ಕಣ್ಣಿಗೆ ಬೀಳುವುದು ಆಮೇಲೆ. ಸರ್ವರ್ ನಿಧಾನವಾದಷ್ಟೂ ‘ನಿಲ್ಲಿಸಿ’ ಎಂಬ ಸೂಚನೆ ತಡವಾಗಿ ತಲುಪುತ್ತದೆ, ಆ ನಡುವೆ ಇನ್ನಷ್ಟು ಉತ್ತರಗಳು ಹುಟ್ಟುತ್ತವೆ.

ಮ್ಯೂಟ್ ಕೆಲಸಕ್ಕೆ ಬರುವುದು ಇಲ್ಲಿ. ಜಿಮೇಲ್‌ನಲ್ಲಿ ಆ ಸಂಭಾಷಣೆಯನ್ನು ತೆರೆದು, ಮೇಲಿನ ಮೂರು ಚುಕ್ಕಿಯ ಮೆನುವಿನಲ್ಲಿ `Mute` ಒತ್ತಿದರೆ ಸಾಕು. ಆ ಎಳೆಗೆ ಮುಂದೆ ಬರುವ ಉತ್ತರಗಳು ಇನ್‌ಬಾಕ್ಸ್‌ನಲ್ಲಿ ಕಾಣಿಸಿಕೊಳ್ಳದೆ ನೇರ ಆರ್ಕೈವ್ ಸೇರುತ್ತವೆ. ಬೇಕೆಂದಾಗ `is:muted` ಎಂದು ಹುಡುಕಿದರೆ ಸಿಗುತ್ತವೆ. ಔಟ್‌ಲುಕ್‌ನಲ್ಲಿ ಇದಕ್ಕೆ ಹೋಲುವ ಆಯ್ಕೆಯ ಹೆಸರು `Ignore`. ಅದು ಆ ಸಂಭಾಷಣೆಯ ಹಳೆಯ, ಹೊಸ ಮೇಲ್‌ಗಳೆಲ್ಲವನ್ನೂ ಅಳಿಸಿದವುಗಳ ಫೋಲ್ಡರಿಗೆ ಹಾಕುತ್ತದೆ. ಆದ್ದರಿಂದ ಆ ಎಳೆಯಲ್ಲಿ ಬೇಕಾದದ್ದೇನಾದರೂ ಇದ್ದರೆ ಮೊದಲೇ ತೆಗೆದಿಟ್ಟುಕೊಳ್ಳಬೇಕು.

ಮ್ಯೂಟ್ ಮಾಡಿದರೂ ಸರ್ವರ್ ಆ ಮೇಲ್‌ಗಳ ಪ್ರತಿ ಕಳಿಸುವುದನ್ನು ಬಿಡುವುದಿಲ್ಲ. ಆದರೂ ಬಿರುಗಾಳಿ ಏಕೆ ತಗ್ಗುತ್ತದೆ? ಮೇಲ್ ಕಣ್ಣಿಗೆ ಬೀಳದವರು ಕೆರಳುವುದಿಲ್ಲ, ಕೆರಳದವರು ಉತ್ತರ ಬರೆಯುವುದಿಲ್ಲ. 13,000 ಜನರಲ್ಲಿ ಅರ್ಧದಷ್ಟು ಮಂದಿ ಮ್ಯೂಟ್ ಮಾಡಿದರೆ ಓದುವವರು 6,500ಕ್ಕೆ ಇಳಿಯುತ್ತಾರೆ, 1.3 ಇದ್ದದ್ದು 0.65 ಆಗುತ್ತದೆ. ಹತ್ತು ಮೇಲ್‌ಗಳು ಆರೇಳಾಗಿ, ಆರೇಳು ನಾಲ್ಕಾಗಿ, ಎಳೆ ಸತ್ತುಹೋಗುತ್ತದೆ. ಪಟ್ಟಿಯಿಂದ ಹೊರಬರಲು ಕೋರಿ ಬರೆದವರೆಲ್ಲ ಬಯಸಿದ್ದು ತಮ್ಮ ಇನ್‌ಬಾಕ್ಸ್ ಶಾಂತವಾಗಿರಲಿ ಎಂದು. ಬೇರೆ ಯಾರಿಗೂ ಒಂದಕ್ಷರ ಬರೆಯದೆ ಆ ಶಾಂತಿ ಮ್ಯೂಟ್‌ನಲ್ಲಿ ಸಿಗುತ್ತದೆ.

ಇದಕ್ಕೂ ಮಿತಿಗಳಿವೆ. ಯಾರಾದರೂ ವಿಷಯದ ಸಾಲು ಬದಲಿಸಿ ಬರೆದರೆ ಜಿಮೇಲ್ ಅದನ್ನು ಹೊಸ ಸಂಭಾಷಣೆಯೆಂದೇ ಎಣಿಸುತ್ತದೆ. ನೂರು ಮೇಲ್ ದಾಟಿದ ಎಳೆಯನ್ನೂ ಅದು ತುಂಡರಿಸುತ್ತದೆ. ಆಗ ಇನ್ನೊಮ್ಮೆ ಮ್ಯೂಟ್ ಮಾಡಬೇಕಾಗಬಹುದು. ಊರಿಗೆ ಹೋದವರು ಇಟ್ಟುಹೋದ ‘ರಜೆಯಲ್ಲಿದ್ದೇನೆ’ ಎಂಬ ತಾನಾಗಿ ಹೋಗುವ ಉತ್ತರಗಳನ್ನು ಮ್ಯೂಟ್ ತಡೆಯದು.

ಅದಕ್ಕೇ ಸರ್ವರ್ ಕಡೆಯ ತಡೆಯೂ ಬೇಕಾಯಿತು. 2020ರಲ್ಲಿ ಮೈಕ್ರೋಸಾಫ್ಟ್ ತನ್ನ ಮೇಲ್ ಸೇವೆಗೆ ಒಂದು ರಕ್ಷಣೆ ಜೋಡಿಸಿತು. ಐದು ಸಾವಿರಕ್ಕೂ ಹೆಚ್ಚು ಜನರಿರುವ ಎಳೆಯಲ್ಲಿ ಒಂದು ಗಂಟೆಯೊಳಗೆ ಹತ್ತು ಮಂದಿ ಎಲ್ಲರಿಗೂ ಉತ್ತರಿಸಿದರೆ, ಆಮೇಲಿನ ಅಂಥ ಉತ್ತರಗಳಿಗೆ ನಾಲ್ಕು ಗಂಟೆ ತಡೆ ಬೀಳುತ್ತಿತ್ತು. ಆ ಹತ್ತು ಉತ್ತರಗಳು ಬರುವವರೆಗಿನ ಹೊತ್ತಿನಲ್ಲಿ ಮಾತ್ರ ಓದುಗರ ಮ್ಯೂಟೇ ಗತಿ.

ಇನ್ನು ದೊಡ್ಡ ಗುಂಪಿಗೆ ಪ್ರಕಟಣೆ ಕಳಿಸುವವರ ಕೈಯಲ್ಲಿ ಇನ್ನೂ ಸುಲಭದ ಉಪಾಯವಿದೆ. ಪಟ್ಟಿಯ ವಿಳಾಸವನ್ನು `To` ಬದಲು `Bcc` ಜಾಗದಲ್ಲಿ ಹಾಕಿದರೆ, ಓದುಗರು `Reply all` ಒತ್ತಿದರೂ ಉತ್ತರ ಪಟ್ಟಿಗೆ ಹೋಗದೆ ಕಳಿಸಿದವರ ಹತ್ತಿರವೇ ಬಂದು ನಿಲ್ಲುತ್ತದೆ.