ಕುರ್ಚಿಯ ವಚನ: ಒಂಬತ್ತು ಮಾತುಗಳ ಒಂದು ಪ್ರಾರ್ಥನೆ



ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ನಾವು ಮುಸ್ಲಿಂ ಕುಟುಂಬಗಳ ನೆರೆಹೊರೆಯಲ್ಲಿ ಬಾಳುತ್ತಿದ್ದೇವೆ. 1687ರಲ್ಲಿ ಮೊಗಲರ ಪ್ರಾಂತ್ಯದ ರಾಜಧಾನಿಯಾದ ಶಿರಾದಲ್ಲಿ 1696ರ ಜಾಮಿಯಾ ಮಸೀದಿ ಇಂದಿಗೂ ನಿಂತಿದೆ. ಮುಸ್ಲಿಮರ ಮನೆ, ಅಂಗಡಿಗಳ ಗೋಡೆಯ ಮೇಲೆ ಚೌಕಟ್ಟು ಹಾಕಿದ ಅರಬ್ಬಿ ಬರಹವನ್ನು ಅನೇಕರು ಕಂಡಿರಬಹುದು. ಹಲವು ಕಡೆ ಅದು 'ಆಯತುಲ್ ಕುರ್ಸಿ', ಅಂದರೆ ಸಿಂಹಾಸನದ ವಚನ. ಕುರಾನಿನ ಎರಡನೇ ಅಧ್ಯಾಯದ 255ನೇ ವಚನವಿದು. ನಮ್ಮ 'ಕುರ್ಚಿ'ಯೂ ಇದೇ 'ಕುರ್ಸಿ'. ಅರಬ್ಬಿಯಿಂದ ಪಾರಸಿ, ಉರ್ದುಗಳ ದಾರಿಯಲ್ಲಿ ಕನ್ನಡಕ್ಕೆ ಬಂದ ಮಾತು.

ಹಾಗಾದರೆ ಈ ವಚನ ದೇವರು ಕುಳಿತಿರುವ ಒಂದು ಪೀಠವನ್ನು ವರ್ಣಿಸುತ್ತದೆಯೇ? ಅದರ ಕಟ್ಟಡವನ್ನು ನೋಡಿದರೆ ಉತ್ತರ ಸಿಗುತ್ತದೆ.

ಇದರಲ್ಲಿ ಒಂಬತ್ತು ಮಾತುಗಳಿವೆ. (ಮೊದಲನೆಯದನ್ನು ಎರಡಾಗಿ ಎಣಿಸಿ ಹತ್ತು ಎನ್ನುವವರೂ ಇದ್ದಾರೆ.) ಮೊದಲ ಮಾತು: ದೇವರು ಒಬ್ಬನೇ, ಆತ ಜೀವಂತನು, ಎಲ್ಲವನ್ನೂ ಎತ್ತಿ ನಿಲ್ಲಿಸಿರುವವನು. ಎರಡನೆಯದು: ಆತನಿಗೆ ತೂಕಡಿಕೆಯೂ ಇಲ್ಲ, ನಿದ್ರೆಯೂ ಇಲ್ಲ. ಮೂರನೆಯದು: ಭೂಮ್ಯಾಕಾಶಗಳಲ್ಲಿರುವುದೆಲ್ಲ ಆತನದೇ. ನಾಲ್ಕನೆಯದು: ಆತನ ಅಪ್ಪಣೆಯಿಲ್ಲದೆ ಯಾರೂ ಇನ್ನೊಬ್ಬರಿಗಾಗಿ ಆತನಲ್ಲಿ ಬೇಡಲಾರರು. ಐದನೆಯದು: ಮನುಷ್ಯರ ಮುಂದಿರುವುದನ್ನೂ ಹಿಂದಿರುವುದನ್ನೂ ಆತ ಬಲ್ಲ. ಆರನೆಯದು: ಆತ ಇಚ್ಛಿಸಿದಷ್ಟನ್ನು ಬಿಟ್ಟು ಆತನ ಜ್ಞಾನದಲ್ಲಿ ಏನೂ ಅವರಿಗೆ ನಿಲುಕದು. ಏಳನೆಯದು: ಆತನ ಕುರ್ಸಿ ಭೂಮ್ಯಾಕಾಶಗಳನ್ನು ವ್ಯಾಪಿಸಿದೆ. ಎಂಟನೆಯದು: ಅವನ್ನು ಕಾಯುವುದು ಆತನಿಗೆ ಆಯಾಸವಲ್ಲ. ಒಂಬತ್ತನೆಯದು: ಆತ ಉನ್ನತನು, ಮಹಾಮಹಿಮನು.

ಈಗ ಎರಡೂ ತುದಿಗಳಿಂದ ಒಳಗೆ ಬನ್ನಿ. ಮೊದಲನೆಯದೂ ಒಂಬತ್ತನೆಯದೂ ದೇವರಿಗೆ ಎರಡೆರಡು ನಾಮಗಳನ್ನು ಹೇಳುತ್ತವೆ. ಎರಡರಲ್ಲಿ ನಿದ್ರೆಯಿಲ್ಲ, ಎಂಟರಲ್ಲಿ ದಣಿವಿಲ್ಲ. ಮೂರು ಮತ್ತು ಏಳರಲ್ಲಿ ಭೂಮ್ಯಾಕಾಶಗಳ ಒಡೆತನ. ನಾಲ್ಕರಲ್ಲಿ 'ಅಪ್ಪಣೆಯಿಲ್ಲದೆ', ಆರರಲ್ಲಿ 'ಇಚ್ಛಿಸಿದಷ್ಟನ್ನು ಬಿಟ್ಟು'. ನಡುವೆ ಜೊತೆಯಿಲ್ಲದೆ ನಿಂತಿರುವುದು ಐದನೆಯ ಮಾತು: ಆತ ಎಲ್ಲವನ್ನೂ ಬಲ್ಲ. ಹೆಸರು ಸಿಂಹಾಸನದ್ದು, ನಡುಮನೆ ಮಾತ್ರ ಜ್ಞಾನದ್ದು. ಪ್ರವಾದಿ ಮಹಮ್ಮದರ ಸಂಬಂಧಿ ಇಬ್ನ್ ಅಬ್ಬಾಸರಿಂದ ಬಂದದ್ದೆಂದು ಹೇಳುವ ಒಂದು ವ್ಯಾಖ್ಯಾನದಲ್ಲಿ 'ಕುರ್ಸಿ' ಎಂದರೆ ದೇವರ ಜ್ಞಾನವೇ. ಅದು ಪಾದಪೀಠವೆಂದು ಹೇಳುವ ವ್ಯಾಖ್ಯಾನವೂ ಇದೆ. ಆದರೆ ಮರದ ಕುರ್ಚಿಯಂತೆ ದೇವರನ್ನು ಹೊರುವ ಆಸನವೆಂದು ತಿಳಿದರೆ ವಚನವೇ ತಲೆಕೆಳಗಾಗುತ್ತದೆ. ಇಲ್ಲಿ ಹೊರುವವನು ದೇವರು, ಹೊರಿಸಿಕೊಂಡಿರುವುದು ಲೋಕ.

ಬೈಬಲನ್ನು ಓದುವ ನಮಗೆ ಈ ಮಾತುಗಳಲ್ಲಿ ಕೆಲವು ಪರಿಚಿತವೇ. ಇಸ್ರಯೇಲರನ್ನು ಕಾಯುವವನು ನಿದ್ರಿಸುವುದಿಲ್ಲವೆಂದು 121ನೇ ಕೀರ್ತನೆ ಸಾರುತ್ತದೆ. ಆತ ದಣಿಯುವುದಿಲ್ಲವೆಂದು ಯೆಶಾಯನ ಗ್ರಂಥದ 40ನೇ ಅಧ್ಯಾಯ ಹೇಳುತ್ತದೆ. ಸಿಂಹದ ಗವಿಯಿಂದ ದಾನಿಯೇಲನು ಪಾರಾದ ಮೇಲೆ ಅರಸ ದಾರ್ಯಾವೆಷನು ಜೀವಂತನೂ ಸ್ಥಿರನೂ ಆದ ದೇವರನ್ನು ಕೊಂಡಾಡುತ್ತಾನೆ. ಅಲ್ಲಿನ ಅರಾಮಾಯ ಪದಗಳು 'ಹಯ್ಯ' ಮತ್ತು 'ಕಯ್ಯಾಮ್'. ಈ ವಚನದ ಮೊದಲ ಮಾತಿನ ಅರಬ್ಬಿ ನಾಮಗಳು 'ಹಯ್ಯ್' ಮತ್ತು 'ಕಯ್ಯೂಮ್'. ಅರಾಮಾಯ, ಅರಬ್ಬಿ ಎರಡೂ ಒಂದೇ ಕುಟುಂಬದ ಭಾಷೆಗಳು. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ನಾಸ್ತ್ರಾ ಎತಾತೆ' ಘೋಷಣೆಯೂ ಮುಸಲ್ಮಾನರು ಆರಾಧಿಸುವ ಏಕದೇವರನ್ನು ಕುರಿತು ಹೇಳುವಾಗ, ಜೀವಂತನು, ಸ್ವಯಂ ನೆಲೆಸಿರುವವನು ಎಂಬ ಜೋಡಿ ಪದಗಳನ್ನೇ ಬಳಸಿತು.

ಆದರೆ ಎಲ್ಲವೂ ಒಂದೇ ಎಂದು ಹೇಳಿಬಿಡುವುದು ಸರಿಯಲ್ಲ. ನಾಲ್ಕನೆಯ ಮಾತನ್ನು ನೋಡಿ. ಸಂತರಿಗೆ ದೇವರನ್ನು ಬಿಟ್ಟು ಸ್ವಂತ ಶಕ್ತಿಯಿಲ್ಲವೆಂದು ನಾವೂ ನಂಬುತ್ತೇವೆ. ಅಷ್ಟರಮಟ್ಟಿಗೆ ನಾವು ಹತ್ತಿರದವರು. ಆದರೆ ದೇವರ ಪುತ್ರನಾದ ಕ್ರಿಸ್ತನೇ ನಮ್ಮ ಮಧ್ಯಸ್ಥನೆಂಬುದು ನಮ್ಮ ವಿಶ್ವಾಸ. ಇಸ್ಲಾಂ ಯೇಸುವನ್ನು ಪ್ರವಾದಿಯೆಂದು ಗೌರವಿಸುತ್ತದೆ, ದೇವಪುತ್ರನೆಂದು ಒಪ್ಪುವುದಿಲ್ಲ. ಈ ಅಂತರವನ್ನು ಮರೆಮಾಚದೆ ಮಾತನಾಡುವುದೇ ನೆರೆಯವರಿಗೆ ತೋರುವ ಮರ್ಯಾದೆ.

ಮುಸ್ಲಿಮರು ಈ ವಚನವನ್ನು ನಮಾಜಿನ ನಂತರವೂ ರಾತ್ರಿ ಮಲಗುವ ಮುನ್ನವೂ ಹೇಳಿಕೊಳ್ಳುವ ವಾಡಿಕೆಯಿದೆ. ಮಲಗುವ ಹೊತ್ತಿಗೇ ಏಕೆ ಎಂಬುದು ಈಗ ತಿಳಿದೀತು: ನಾವು ಕಣ್ಣು ಮುಚ್ಚುವಾಗ ಕಣ್ಣು ಮುಚ್ಚದವನೊಬ್ಬನ ಕೈಗೆ ಮನೆಮಂದಿಯನ್ನು ಒಪ್ಪಿಸುವ ಪ್ರಾರ್ಥನೆಯಿದು. ಬರಹವನ್ನು ಬರಿಯ ತಾಯಿತವಾಗಿ ಕಂಡವರಿಗೆ ಈ ಅರ್ಥ ತಪ್ಪಿಹೋಗುತ್ತದೆ.

ಇನ್ನೊಂದು ಸಂಗತಿ. ದೇವರ ಪ್ರಭುತ್ವವನ್ನು ಇಷ್ಟು ದೊಡ್ಡದಾಗಿ ಸಾರಿದ ಕೂಡಲೇ ಬರುವ 256ನೇ ವಚನವು, ಧರ್ಮದ ವಿಷಯದಲ್ಲಿ ಬಲಾತ್ಕಾರ ಸಲ್ಲದೆಂದು ಹೇಳುತ್ತದೆ. ಮುಂದಿನ ರಂಜಾನ್ ಹಬ್ಬಕ್ಕೆ ನೆರೆಮನೆಗೆ ಹೋದಾಗ ಗೋಡೆಯ ಮೇಲಿನ ಬರಹವನ್ನು ತೋರಿಸಿ, ಅದರ ಅರ್ಥವೇನೆಂದು ಆ ಮನೆಯ ಹಿರಿಯರನ್ನೇ ಕೇಳಿ ನೋಡಿ.