ಗಂಟಲು ಬಾತ ಎಮ್ಮೆಗೆ ಗೊಟ್ಟ ಹಾಕಬ್ಯಾಡ್ರಿ: ಗಳಲೆ ರೋಗದಲ್ಲಿ ಕೈಯಲ್ಲಿರೋದು ಕೆಲವೇ ತಾಸು

ನಮ್ಮ ತಾಲೂಕಿನ ಒಂದು ಹಳ್ಳಿ. ನಾಲ್ಕು ದಿನದಿಂದ ಜಿಟಿಜಿಟಿ ಮಳೆ. ಸಂಜೆ ಹಿಂಡಿದಾಗ ದಿನಾ ನಾಲ್ಕು ಲೀಟರ್ ಕೊಡೋ ಎಮ್ಮೆ ಒಂದು ಲೀಟರನ್ನೂ ಕೊಡಲಿಲ್ಲ. ಮೇವು ಮುಟ್ಟಲಿಲ್ಲ, ಮೆಲುಕು ಹಾಕಲಿಲ್ಲ, ಕಿವಿ ಬಿಸಿ. ಮಳೆಗೆ ಥಂಡಿ ಆಗಿರಬೇಕು ಅಂತ ಮನೆಯವರು ಗೋಣಿಚೀಲ ಹೊದಿಸಿ ಮಲಗಿದರು. ಬೆಳಿಗ್ಗೆ ಐದಕ್ಕೆ ನೋಡಿದರೆ ಬಾಯಿಂದ ಜೊಲ್ಲು ಹಗ್ಗದಂಗೆ ಇಳಿಯುತ್ತಿತ್ತು, ದವಡೆ ಕೆಳಗೆ ಬಾವು. ಮುಟ್ಟಿದರೆ ಬಿಸಿ, ನೋವಿಗೆ ಎಮ್ಮೆ ಕುತ್ತಿಗೆ ಎಳಕೊಳ್ಳುತ್ತಿತ್ತು. ಏಳಕ್ಕೆ ಗೊಟ್ಟದಲ್ಲಿ ಅರಿಶಿಣದ ಕಷಾಯ ಹಾಕಿದರು. ಡಾಕ್ಟರಿಗೆ ಫೋನ್ ಹೋಗಿದ್ದು ಹತ್ತೂವರೆಗೆ. ಅವರು ಬರುವಷ್ಟರಲ್ಲಿ ಎಮ್ಮೆ ನಾಲಿಗೆ ಹೊರಚಾಚಿ ಗೊರಗೊರ ಅಂತ ಉಸಿರೆಳೆಯುತ್ತಿತ್ತು. ಮಧ್ಯಾಹ್ನ ಒಂದಕ್ಕೆ ಸತ್ತಿತು. ಹೋದ ವರ್ಷ ಎಂಬತ್ತು ಸಾವಿರ ಕೊಟ್ಟು ತಂದ ಎಮ್ಮೆ ಅದು.

ಇದೇ ಗಳಲೆ ರೋಗ. ನಮ್ಮ ಕಡೆ ಗಂಟಲಬ್ಯಾನಿ ಅಂತಾರೆ. ಪಾಶ್ಚುರೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಕೆಲವು ದನಗಳ ಗಂಟಲಲ್ಲಿ ಇದು ಏನೂ ತೊಂದರೆ ಕೊಡದೆ ಸುಮ್ಮನೆ ಕೂತಿರುತ್ತೆ. ಬೇಸಿಗೆಯಲ್ಲಿ ಮೇವಿಲ್ಲದೆ ಸೊರಗಿದ ದನ ಮಳೆಯಲ್ಲಿ ನೆನೆದು, ಕೆಸರಲ್ಲಿ ನಿಂತು ಬಳಲಿದಾಗ ತಲೆ ಎತ್ತುತ್ತೆ. ಆಮೇಲೆ ಜೊಲ್ಲು, ಮೂಗಿನ ಸಿಂಬಳ ಬಿದ್ದ ಗೋದಲಿಯಿಂದ ಪಕ್ಕದ ದನಕ್ಕೆ ಹೋಗುತ್ತೆ. ಹಸಿ ನೆಲದಲ್ಲಿ ಅದು ಒಣ ನೆಲಕ್ಕಿಂತ ಹೆಚ್ಚು ಹೊತ್ತು ಬದುಕಿರುತ್ತೆ. ಆಕಳಿಗೂ ಬರುತ್ತೆ, ಆದರೆ ಎಮ್ಮೆಗೆ ಹೊಡೆತ ಜಾಸ್ತಿ, ಅದರಲ್ಲೂ ಆರು ತಿಂಗಳಿಂದ ಎರಡು ವರ್ಷದೊಳಗಿನ ಕರು, ಮಣಕಕ್ಕೆ.

ಅದೇ ಕೊಟ್ಟಿಗೆಯಲ್ಲಿ ಒಂದು ಮಣಕವೂ ಇತ್ತು. ನೋಡೋಕೆ ಚೆನ್ನಾಗೇ ಇತ್ತು, ಬಾವು ಇರಲಿಲ್ಲ. ಡಾಕ್ಟರು ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ 105 ಡಿಗ್ರಿ. ಎಮ್ಮೆಗೆ ಸಾಮಾನ್ಯವಾಗಿ ಇರೋದು 101ರ ಆಸುಪಾಸು. ತಕ್ಷಣ ರಕ್ತನಾಳಕ್ಕೆ ಆಂಟಿಬಯಾಟಿಕ್ ಕೊಟ್ಟರು, ಜೊತೆಗೆ ಜ್ವರ, ಬಾವು ಇಳಿಸೋ ಇಂಜೆಕ್ಷನ್. ಮುಂದಿನ ದಿನಗಳಲ್ಲೂ ಮುಂದುವರಿಸಿದರು. ಮಣಕ ಉಳಿಯಿತು. ಔಷಧಿ ಕೆಲಸ ಮಾಡೋದು ಜ್ವರ ಬಂದು ಬಾವು ಏಳುವ ಮೊದಲು. ಗಂಟಲು ಬಾತು ಉಸಿರು ಕಟ್ಟೋಕೆ ಶುರುವಾದ ಮೇಲೆ ಉಳಿಯೋದು ಬಹಳ ಕಡಿಮೆ. ಜ್ವರ ಏರಿದ್ದರಿಂದ ಸಾವಿನವರೆಗೆ ಕೆಲವು ತಾಸು, ಹೆಚ್ಚೆಂದರೆ ಎರಡು ದಿನ.

ಗೊಟ್ಟದ ಮಾತು ಇಲ್ಲಿ ಹೇಳಲೇಬೇಕು. ಬಾತ ಗಂಟಲಲ್ಲಿ ಕಷಾಯ, ಎಣ್ಣೆ ಏನೇ ಸುರಿದರೂ ನುಂಗೋಕಾಗದೆ ಶ್ವಾಸಕೋಶಕ್ಕೆ ಇಳಿಯುತ್ತೆ. ರೋಗ ಬಿಟ್ಟರೂ ಅದೇ ಕೊಲ್ಲುತ್ತೆ. ಬಾವಿನ ಮೇಲೆ ಬರೆ ಹಾಕಿದರೆ ಒಳಗಿನ ಬ್ಯಾಕ್ಟೀರಿಯಾಕ್ಕೆ ಏನೂ ಆಗಲ್ಲ, ಹೊತ್ತು ಮಾತ್ರ ಹೋಗುತ್ತೆ. ಮೆಡಿಕಲ್ ಅಂಗಡಿಯವರೇ, ಮಳೆಗಾಲದಲ್ಲಿ ಯಾರಾದರೂ ಎಮ್ಮೆಗೆ ಜ್ವರದ ಗುಳಿಗೆ ಕೇಳಿದರೆ ಮೊದಲು ‘ಗಂಟಲು ಬಾತೈತೇನ್ರಿ, ಜೊಲ್ಲು ಸುರಿಸಾಕತ್ತೈತೇನ್ರಿ’ ಅಂತ ಕೇಳಿ. ಹೌದು ಅಂದರೆ ಗುಳಿಗೆ ಬದಲು ಫೋನ್ ಹಚ್ಚಿಸಿಕೊಡಿ. ಸಂಚಾರಿ ಪಶು ಚಿಕಿತ್ಸಾ ವಾಹನದ ನಂಬರ್ 1962.

ಸತ್ತ ಎಮ್ಮೆಯ ಚರ್ಮ ಸುಲಿಯಬೇಡಿ, ಹಳ್ಳಕ್ಕೆ ಎಸೆಯಬೇಡಿ. ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ದಿಢೀರ್ ಸತ್ತ ದನ ಅಂಥ್ರಾಕ್ಸ್‌ನಿಂದ ಸತ್ತಿರಬಹುದು, ಅದು ಮನುಷ್ಯರಿಗೂ ಹತ್ತುತ್ತೆ. ಅದಕ್ಕೇ ಡಾಕ್ಟರು ನೋಡೋವರೆಗೆ ಕೊಯ್ಯೋದು ಬೇಡ.

ಈ ಮನೆಗೆ ಮಳೆಗಾಲಕ್ಕೂ ಮೊದಲು ಲಸಿಕೆ ಹಾಕೋರು ಬಂದಿದ್ದರು. ‘ಹಾಲು ಕಡಿಮಿ ಆಗ್ತೈತ್ರಿ’ ಅಂತ ವಾಪಸ್ ಕಳಿಸಿದ್ದರಂತೆ. ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಹಾಲು ಕಮ್ಮಿ ಆಗಬಹುದು, ಚುಚ್ಚಿದ ಜಾಗದಲ್ಲಿ ಸಣ್ಣ ಗಂಟೂ ಬರಬಹುದು. ಒಂದೆರಡು ದಿನದ ಹಾಲಿನ ಲೆಕ್ಕ, ಎಂಬತ್ತು ಸಾವಿರದ ಲೆಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಲಸಿಕೆ ಹಾಕಿದ ಮರುದಿನವೇ ರಕ್ಷಣೆ ಬರಲ್ಲ, ಎರಡು ಮೂರು ವಾರ ಬೇಕು. ಅದಕ್ಕೇ ಮೇ ತಿಂಗಳು, ಅಥವಾ ಜೂನ್ ಮೊದಲ ವಾರ ಸರಿಯಾದ ಹೊತ್ತು. ಕರುವಿಗೆ ಆರು ತಿಂಗಳು ತುಂಬಿದ ಮೇಲೆ ಮೊದಲ ಸಲ, ಆಮೇಲೆ ಪ್ರತಿ ವರ್ಷ. ಎಣ್ಣೆ ಬೆರೆತ ಲಸಿಕೆಯ ಶಕ್ತಿ ಸುಮಾರು ಒಂದು ವರ್ಷ ಇರುತ್ತೆ, ಪಟಿಕದ ಲಸಿಕೆಯದ್ದು ನಾಲ್ಕರಿಂದ ಆರು ತಿಂಗಳು. ಯಾವುದು ಹಾಕಿದ್ರಿ ಅಂತ ಕೇಳಿ ತಾರೀಖಿನ ಜೊತೆ ಬರೆದಿಟ್ಟುಕೊಳ್ಳಿ.

ಊರಲ್ಲಿ ಈಗಾಗಲೇ ಒಂದು ಸತ್ತಿದ್ದರೂ ಜ್ವರ ಇಲ್ಲದ ದನಗಳಿಗೆ ಲಸಿಕೆ ಹಾಕಿಸಬಹುದು. ಆದರೆ ಆ ಎರಡು ಮೂರು ವಾರ ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ನೋಡಿ. 103 ದಾಟಿದರೆ ಬಾವು ಬರಲಿ ಅಂತ ಕಾಯದೆ ಫೋನ್ ಮಾಡಿ.