ಕ್ಲಿಕ್ಕು ಎಷ್ಟು, ಟಿಕೆಟ್ಟು ಎಷ್ಟು?

2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ಕನ್ನಡದಲ್ಲಷ್ಟೇ ತೆರೆಕಂಡಿತು. ಜನರೇ ಬಾಯಿಂದ ಬಾಯಿಗೆ ಹೊಗಳಿದ ಮೇಲೆ, ಅಕ್ಟೋಬರ್ 14ಕ್ಕೆ ಹಿಂದಿಯಲ್ಲೂ ಮರುದಿನ ತೆಲುಗು, ತಮಿಳಿನಲ್ಲೂ ಅದು ಬಂತು. ಯಾವ ಭಾಷೆಯಲ್ಲಿ ಬೇಡಿಕೆ ಇದೆ ಎಂದು ತಿಳಿಯಲು ನಿರ್ಮಾಪಕರಿಗೆ ಎರಡು ವಾರ ಸಿಕ್ಕಿತ್ತು. ಆದರೆ 2025ರ ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ಹಲವು ಭಾಷೆಗಳಲ್ಲಿ ಒಂದೇ ದಿನ ಬಿಡುಗಡೆಯಾಯಿತು. ಹೀಗೆ ಏಕಕಾಲಕ್ಕೆ ಬರುವ ಚಿತ್ರಕ್ಕೆ ಎರಡು ವಾರದ ಅವಕಾಶ ಇರುವುದಿಲ್ಲ. ಮುಂಗಡ ಬುಕಿಂಗ್ ತೆರೆದ ಕೆಲವೇ ದಿನಗಳಲ್ಲಿ ಯಾವ ಊರಿನಲ್ಲಿ, ಯಾವ ಭಾಷೆಗೆ ಎಷ್ಟು ಶೋ ಬೇಕು, ಜಾಹೀರಾತಿನ ಹಣ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸಬೇಕು.

ಇಲ್ಲೊಂದು ತೊಡಕಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಲ್ಲಿ ಜಾಹೀರಾತು ಕೊಡುವವರು ಚಿತ್ರತಂಡದವರು. ಟಿಕೆಟ್ ಮಾರುವುದು ಬುಕ್‌ಮೈಶೋನಂಥ ಬೇರೆ ಸಂಸ್ಥೆ. ಜಾಹೀರಾತು ಒತ್ತಿದವರ ಲೆಕ್ಕ ಒಬ್ಬರ ಬಳಿ ಇರುತ್ತದೆ, ಟಿಕೆಟ್ ಕೊಂಡವರ ಲೆಕ್ಕ ಇನ್ನೊಬ್ಬರ ಬಳಿ. ಒತ್ತಿದವನೇ ಕೊಂಡನೇ ಎಂಬುದು ಚಿತ್ರತಂಡಕ್ಕೆ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಹಾಗಾಗಿ ಬಿಡಿ ಬಿಡಿ ವ್ಯಕ್ತಿಗಳನ್ನು ಹಿಂಬಾಲಿಸುವ ಬದಲು ಊರು ಮತ್ತು ಭಾಷೆಯ ಮಟ್ಟದಲ್ಲಿ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕಾಗುತ್ತದೆ.

ಅದಕ್ಕೆ ಮೊದಲ ತಯಾರಿ ಕೊಂಡಿಗಳದ್ದು. ಮೈಸೂರಿನ ಕನ್ನಡ ಜಾಹೀರಾತಿಗೆ ಒಂದು ಕೊಂಡಿ, ಬೆಂಗಳೂರಿನ ತಮಿಳು ಜಾಹೀರಾತಿಗೆ ಇನ್ನೊಂದು. ಪ್ರತಿ ಕೊಂಡಿಯ ಬಾಲಕ್ಕೂ ಒಂದು ಗುರುತು ಅಂಟಿಸುತ್ತಾರೆ:

```
utm_source=instagram&utm_campaign=mysuru_kannada
```

ಫೋನಿನ ಭಾಷೆಯನ್ನು ನಂಬಿ ಜನರನ್ನು ವಿಂಗಡಿಸಿದರೆ ಮೋಸಹೋಗುತ್ತೇವೆ. ಮನೆಯಲ್ಲಿ ಕನ್ನಡವನ್ನೇ ಆಡುವ ಎಷ್ಟೋ ಜನರ ಫೋನ್ ಇಂಗ್ಲಿಷಿನಲ್ಲಿರುತ್ತದೆ. ಆದ್ದರಿಂದ ಕನ್ನಡದ ಟ್ರೇಲರ್ ತುಣುಕು ಕನ್ನಡ ಶೋಗಳ ಪುಟಕ್ಕೇ, ತೆಲುಗಿನದು ತೆಲುಗು ಶೋಗಳ ಪುಟಕ್ಕೇ ಕರೆದೊಯ್ಯುವಂತೆ ಜೋಡಿಸುವುದು ಒಳ್ಳೆಯದು. ಯಾವ ಭಾಷೆ ಬೇಕು ಎಂಬುದನ್ನು ಒತ್ತುವ ಬೆರಳೇ ಹೇಳುತ್ತದೆ.

ಇನ್ನೊಂದು ಬದಿಯ ಲೆಕ್ಕ ವಿತರಕರಿಂದ ಬರುತ್ತದೆ, ಇಲ್ಲವೇ ಆ್ಯಪಿನ ಸೀಟು ನಕ್ಷೆಯನ್ನು ಆಗಾಗ ನೋಡಿ ತುಂಬಿದ ಸೀಟು ಎಣಿಸಬೇಕು. ನಕ್ಷೆಯಲ್ಲಿ ಬಣ್ಣ ಕಳೆದುಕೊಂಡ ಸೀಟೆಲ್ಲ ಮಾರಾಟವಾದದ್ದಲ್ಲ. ಚಿತ್ರಮಂದಿರದವರು ತಡೆಹಿಡಿದ ಸಾಲುಗಳೂ ಹಾಗೆಯೇ ಕಾಣುತ್ತವೆ. ಬುಕಿಂಗ್ ತೆರೆದ ಗಳಿಗೆಯಲ್ಲೇ ಇಡೀ ಸಾಲು ಭರ್ತಿಯಾಗಿ, ಆಮೇಲೆ ಕದಲದೆ ಉಳಿದರೆ ಅದು ಮಾರಾಟವಲ್ಲ ಎಂದು ಸಂಶಯಪಡಬೇಕು. ಕಿಟಕಿಯಲ್ಲೇ ಹೆಚ್ಚು ಟಿಕೆಟ್ ಹರಿಯುವ ಏಕಪರದೆ ಚಿತ್ರಮಂದಿರಗಳಂತೂ ಈ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಮೈಸೂರಿನ ಕನ್ನಡ ಜಾಹೀರಾತಿಗೆ 4,000 ಕ್ಲಿಕ್ ಬಂದಿವೆ, ಅದೇ ಅವಧಿಯಲ್ಲಿ 900 ಟಿಕೆಟ್ ಹೋಗಿವೆ. ಬೆಂಗಳೂರಿನ ತಮಿಳು ಜಾಹೀರಾತಿಗೂ 4,000 ಕ್ಲಿಕ್ ಬಂದಿವೆ, ಟಿಕೆಟ್ ಮಾತ್ರ 100. ತಮಿಳು ಪ್ರೇಕ್ಷಕರಿಗೆ ಆಸಕ್ತಿ ಇಲ್ಲವೆಂದು ಅಲ್ಲಿನ ಜಾಹೀರಾತನ್ನು ನಿಲ್ಲಿಸುವುದು ಸುಲಭ. ಅದು ತಪ್ಪು ನಿರ್ಧಾರವಾಗಬಹುದು, ಏಕೆಂದರೆ ಆಸಕ್ತಿ ಇಲ್ಲದವರು ಕೊಂಡಿ ಒತ್ತುವುದೇ ಕಡಿಮೆ. ಮೊದಲು ಶೋಗಳ ಪಟ್ಟಿ ತೆರೆದು ನೋಡಬೇಕು. ಇಡೀ ನಗರದಲ್ಲಿ ತಮಿಳಿಗೆ ಎರಡೇ ಶೋ ಇದ್ದು, ಎರಡೂ ರಾತ್ರಿ ಹತ್ತರ ನಂತರ, ಊರಾಚೆಯ ಮಾಲ್‌ಗಳಲ್ಲಿದ್ದರೆ ಬಂದವರು ಬರಿಗೈಲಿ ಮರಳಿದ್ದಾರೆ ಎಂದರ್ಥ. ಆಗ ಬೇಕಾದದ್ದು ವಿತರಕರಿಗೆ ಒಂದು ಫೋನ್, ಸಂಜೆಯ ಶೋ. ಶೋಗಳು ಬೇಕಾದಷ್ಟಿದ್ದೂ ಸೀಟು ಖಾಲಿ ಉಳಿದಿದ್ದರೆ ಮಾತ್ರ ಟ್ರೇಲರನ್ನೋ ಟಿಕೆಟ್ ದರವನ್ನೋ ಅನುಮಾನಿಸಬೇಕು.

ಊರಿನ ಲೆಕ್ಕವೂ ಕೆಲವೊಮ್ಮೆ ಜಾರುತ್ತದೆ. ಮೊಬೈಲ್ ಇಂಟರ್‌ನೆಟ್ ಬಳಸುವವರ ಜಾಗವನ್ನು ಜಾಲದ ವಿಳಾಸದಿಂದ ಊಹಿಸುವಾಗ ಮಂಡ್ಯದವರೂ ಬೆಂಗಳೂರಿನವರಾಗಿ ದಾಖಲಾಗಬಹುದು. ಸಣ್ಣ ಊರುಗಳ ಕ್ಲಿಕ್ಕುಗಳನ್ನು ಒಂದೊಂದಾಗಿ ನಂಬುವುದಕ್ಕಿಂತ ಜಿಲ್ಲೆಗಳ ಗುಂಪಾಗಿ ನೋಡುವುದು ಕ್ಷೇಮ.

ಎಲ್ಲಕ್ಕಿಂತ ಕಠಿಣ ಪ್ರಶ್ನೆ ಬೇರೆಯೇ ಇದೆ: ಜಾಹೀರಾತು ಇಲ್ಲದಿದ್ದರೂ ಈ ಜನ ಬರುತ್ತಿದ್ದರಲ್ಲವೇ? ಅಭಿಮಾನಿಗಳು ಬುಕಿಂಗ್ ತೆರೆಯುವುದನ್ನೇ ಕಾಯುತ್ತಿರುತ್ತಾರೆ. ಅವರು ದಾರಿಯಲ್ಲಿ ಜಾಹೀರಾತು ಒತ್ತಿದರೆ ಆ ಟಿಕೆಟ್ ಜಾಹೀರಾತಿನ ಖಾತೆಗೆ ಬೀಳುತ್ತದೆ. ಇದನ್ನು ಬೇರ್ಪಡಿಸುವ ಪ್ರಾಮಾಣಿಕ ದಾರಿಯೆಂದರೆ ಒಂದು ಊರನ್ನು ಜಾಹೀರಾತಿಲ್ಲದೆ ಬಿಡುವುದು. ದಾವಣಗೆರೆ, ಶಿವಮೊಗ್ಗಗಳಲ್ಲಿ ಬುಕಿಂಗ್ ಮೊದಲ ದಿನ ಸಮಸಮ ಇತ್ತೆಂದುಕೊಳ್ಳಿ. ಎರಡನೆಯ ದಿನ ದಾವಣಗೆರೆಗೆ ಮಾತ್ರ ಜಾಹೀರಾತು ಕೊಟ್ಟು 2,000 ಕ್ಲಿಕ್ ಪಡೆದರು. ಆ ದಿನ ಅಲ್ಲಿ 500 ಟಿಕೆಟ್, ಶಿವಮೊಗ್ಗದಲ್ಲಿ 440 ಟಿಕೆಟ್ ಹೋದರೆ ಜಾಹೀರಾತು ತಂದದ್ದು ಸುಮಾರು 60 ಮಾತ್ರ.

ಒಂದು ಊರಿನ ಮಾರಾಟವನ್ನು ಪಣಕ್ಕಿಡಲು ಹೆಚ್ಚಿನ ನಿರ್ಮಾಪಕರಿಗೆ ಮನಸ್ಸು ಬರುವುದಿಲ್ಲ. ಆದರೆ ಹಾಗೆ ಬಿಟ್ಟು ನೋಡದ ತಂಡ ತನ್ನ ಜಾಹೀರಾತು ಎಷ್ಟು ಟಿಕೆಟ್ ಮಾರಿತು ಎಂದು ಹೇಳುವ ಸಂಖ್ಯೆಯನ್ನು ಪ್ರೇಕ್ಷಕರೂ ಪತ್ರಕರ್ತರೂ ಹಾಗೆಯೇ ಒಪ್ಪಿಕೊಳ್ಳಬಾರದು.